ಗುರು ಅಸ್ತವಾದಾಗ ಮುಹೂರ್ತ ಸಿಗುವುದಿಲ್ಲ, ಯಾಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆ, ಉಪನಯನಕ್ಕೆ ದಿನ ಹುಡುಕುವಾಗ ಪುರೋಹಿತರು ಪಂಚಾಂಗ ಬಿಡಿಸಿ ಗುರು, ಶುಕ್ರರ ಅಸ್ತ ನೋಡಿಯೇ ನೋಡುತ್ತಾರೆ. ಮನೆಯಲ್ಲಿ ಬಗ್ಗೋಣ ಪಂಚಾಂಗ ಇದ್ದರೆ ನೀವೂ ನೋಡಬಹುದು.

2025ರ ಗುರು ಅಸ್ತವನ್ನೇ ತಗೊಳ್ಳಿ. ಜೂನ್ 24ರಂದು ಸೂರ್ಯ, ಗುರು ಆಕಾಶದಲ್ಲಿ ಒಂದೇ ಕಡೆ ಬಂದರು. ಸೂರ್ಯಸಿದ್ಧಾಂತದ ಪ್ರಕಾರ ಇಬ್ಬರ ಅಂತರ 11 ಅಂಶಕ್ಕಿಂತ ಕಡಿಮೆಯಾದರೆ ಗುರು ಅಸ್ತ. ಸೂರ್ಯ ದಿನಕ್ಕೆ ಸುಮಾರು ಒಂದು ಅಂಶ ಸಾಗುತ್ತಾನೆ, ಗುರುವಿನ ನಡಿಗೆ ಅದರ ಕಾಲುಭಾಗವೂ ಇಲ್ಲ. ಹಾಗಾಗಿ ಸೂರ್ಯ ಹಿಂದಿನಿಂದ ಬಂದು ಗುರುವನ್ನು ದಾಟಿ ಹೋಗಲು ಸುಮಾರು ನಾಲ್ಕು ವಾರ ಬೇಕು. ಅಷ್ಟು ದಿನ ಶುಭಕಾರ್ಯಕ್ಕೆ ಮುಹೂರ್ತ ಇಡುವುದಿಲ್ಲ. ನಮ್ಮಲ್ಲಿ ಆಗ ಜಡಿಮಳೆ, ಗ್ರಹ ಕಂಡಿತೋ ಇಲ್ಲವೋ ನೋಡಲು ಆಕಾಶವೇ ಇರುವುದಿಲ್ಲ. ಗಣಿತವೇ ಆಧಾರ.

ಈ ಸಾಮೀಪ್ಯ ಭೂಮಿಯಿಂದ ನೋಡಿದಾಗಿನದು. ಆ ದಿನ ಗುರು ಇದ್ದದ್ದು ಸೂರ್ಯನಿಂದ ಎಷ್ಟೋ ಆಚೆ, ನಮ್ಮಿಂದ 90 ಕೋಟಿ ಕಿಲೋಮೀಟರಿಗೂ ದೂರ. ಸೂರ್ಯನ ಪ್ರಭೆಯಲ್ಲಿ ಅವನ ಬೆಳಕು ಕಾಣದು, ಅಷ್ಟೇ. ಬೆಳಕು ಕಾಣದ ಗ್ರಹ ಫಲ ಕೊಡಲೂ ಸೋಲುತ್ತದೆ ಎಂಬುದು ಜ್ಯೋತಿಷ್ಯದ ನಂಬಿಕೆ.

ಜಾತಕದಲ್ಲೂ ಇದೇ ಎಣಿಕೆ. ಹುಟ್ಟಿದಾಗ ಗುರು ಅಸ್ತನಾಗಿದ್ದರೆ ವಿದ್ಯೆ, ಸಂತಾನದ ಫಲ ಕುಂದುತ್ತದೆ ಎನ್ನುತ್ತಾರೆ. ಆದರೆ ಸೂರ್ಯನಿಂದ 2 ಅಂಶದಲ್ಲಿರುವ ಗುರುವನ್ನೂ 10 ಅಂಶದಲ್ಲಿರುವ ಗುರುವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕರ್ಕದಲ್ಲಿ ಉಚ್ಚನಾಗಿದ್ದರೆ ದೋಷ ತಗ್ಗುತ್ತದೆ ಎನ್ನುವ ಜ್ಯೋತಿಷಿಗಳೂ ಇದ್ದಾರೆ. ಅದಕ್ಕೇ ನಿಮ್ಮ ಜಾತಕ ನೋಡಿ ಯಾರಾದರೂ ಗುರು ಅಸ್ತ ಎಂದರೆ, ಎಷ್ಟು ಅಂಶ, ಯಾವ ರಾಶಿ ಎಂದು ಕೇಳಿ.