ಬೆರಳು ಫೋನಿಗೆ, ಸಹಿ ಬ್ಯಾಂಕಿಗೆ

ಕಿರಾಣಿ ಅಂಗಡಿಯಲ್ಲಿ ಬಿಲ್ಲು 450 ರೂಪಾಯಿ ಆಯಿತು ಎನ್ನಿ. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಮೊತ್ತ ಹಾಕುತ್ತೀರಿ. ಪಿನ್ ಕೇಳುವ ಬದಲು ಬೆರಳಚ್ಚಿನ ಚಿತ್ರ ಬರುತ್ತದೆ. ಬೆರಳಿಟ್ಟು ತೆಗೆಯುವಷ್ಟರಲ್ಲಿ ಗಲ್ಲಾದ ಮೇಲಿನ ಸ್ಪೀಕರ್ ಹಣ ಬಂತೆಂದು ಕೂಗುತ್ತದೆ. ನಮ್ಮ ಬೆರಳಚ್ಚು ಬ್ಯಾಂಕಿಗೆ ಹೋಗಿ, ಅಲ್ಲಿ ಯಾವುದೋ ದಾಖಲೆಯೊಂದಿಗೆ ತಾಳೆಯಾಗಿ ಬಂತು ಎಂದೇ ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಬೆರಳಚ್ಚು ಫೋನು ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಅದನ್ನು ಬ್ಯಾಂಕೂ ನೋಡುವುದಿಲ್ಲ, ಆ್ಯಪ್ ಕೂಡ ನೋಡುವುದಿಲ್ಲ.

ಯುಪಿಐ ಆ್ಯಪ್‌ಗಳಲ್ಲಿ ಬೆರಳಿಡುವುದು ಹೊಸದೇನಲ್ಲ. ಆದರೆ ಬಹಳ ಕಾಲ ಆ ಬೆರಳು ಮಾಡುತ್ತಿದ್ದುದು ಆ್ಯಪ್ ತೆರೆಯುವ ಕೆಲಸ ಮಾತ್ರ. ಹಣ ಹೋಗಬೇಕಾದರೆ ಮತ್ತೆ ನಾಲ್ಕು ಅಥವಾ ಆರು ಅಂಕಿಯ ಯುಪಿಐ ಪಿನ್ ಒತ್ತಲೇಬೇಕಿತ್ತು. 2025ರ ಅಕ್ಟೋಬರಿನಲ್ಲಿ ಎನ್‌ಪಿಸಿಐ, ಪಿನ್ ಬದಲು ಫೋನಿನಲ್ಲೇ ಇರುವ ಬೆರಳಚ್ಚು ಅಥವಾ ಮುಖದ ಗುರುತಿನಿಂದ ಪಾವತಿಗೆ ಒಪ್ಪಿಗೆ ಕೊಡುವ ವ್ಯವಸ್ಥೆಯನ್ನು ಪ್ರಕಟಿಸಿತು. ಆರಂಭಕ್ಕೆ ಸಣ್ಣ ಮೊತ್ತಗಳಿಗೆ ಮಾತ್ರ. ಅದಕ್ಕಿಂತ ದೊಡ್ಡ ಮೊತ್ತವಾದರೆ ಪಿನ್ನೇ ಬೇಕು.

ಹಾಗಾದರೆ ಬ್ಯಾಂಕಿಗೆ ಹೋಗುವುದು ಏನು? ಒಂದು ಸಹಿ. ಇದರ ಕೆಲಸ ಅಂಗಡಿಗೆ ಹೋಗುವುದಕ್ಕಿಂತ ಎಷ್ಟೋ ಮೊದಲೇ, ಆ್ಯಪ್‌ನಲ್ಲಿ ಈ ಸೌಲಭ್ಯವನ್ನು ಆನ್ ಮಾಡಿದ ದಿನವೇ ಶುರುವಾಗಿರುತ್ತದೆ. ಅಂದು ಆ್ಯಪ್ ನಿಮ್ಮ ಪಿನ್ ಕೇಳಿ ಖಾತೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಆಮೇಲೆ ಫೋನಿನೊಳಗೆ ಪ್ರತ್ಯೇಕವಾಗಿ ಕಾಪಾಡಿದ ಒಂದು ಭಾಗದಲ್ಲಿ ಎರಡು ಕೀಗಳು ಹುಟ್ಟುತ್ತವೆ. ಕೀ ಎಂದರೆ ಇಲ್ಲಿ ಬಹಳ ದೊಡ್ಡದೊಂದು ಸಂಖ್ಯೆ. ಐಫೋನಿನಲ್ಲಿ ಈ ಭಾಗಕ್ಕೆ ಸೆಕ್ಯೂರ್ ಎನ್‌ಕ್ಲೇವ್ ಎಂಬ ಹೆಸರಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಮುಖ್ಯ ಪ್ರೊಸೆಸರಿನಲ್ಲೇ ಬೇರ್ಪಡಿಸಿದ ಸುರಕ್ಷಿತ ವಲಯವಿರುತ್ತದೆ, ಕೆಲವದರಲ್ಲಿ ಬೇರೆಯದೇ ಚಿಪ್ ಇರುತ್ತದೆ. ಎರಡು ಕೀಗಳ ಪೈಕಿ ಒಂದು ಅಲ್ಲೇ ಉಳಿಯುತ್ತದೆ, ಅದನ್ನು ಆ್ಯಪ್ ಕೂಡ ಓದಲಾರದು. ಇನ್ನೊಂದು ಬ್ಯಾಂಕಿನ ಕಡೆಗೆ ಹೋಗಿ ನಿಮ್ಮ ಖಾತೆಯ ಜೊತೆ ದಾಖಲಾಗುತ್ತದೆ. ಖಾತೆ ತೆರೆಯುವಾಗ ಬ್ಯಾಂಕಿನಲ್ಲಿ ಸಹಿಯ ಮಾದರಿ ತೆಗೆದಿಟ್ಟುಕೊಳ್ಳುತ್ತಾರಲ್ಲ, ಇದೂ ಹಾಗೆಯೇ: ಬಂದ ಸಹಿ ಸರಿಯೇ ಎಂದು ಅದರಿಂದ ಪರೀಕ್ಷಿಸಬಹುದು, ಆದರೆ ಅದನ್ನಿಟ್ಟುಕೊಂಡು ಹೊಸ ಸಹಿ ಮಾಡಲಾಗದು.

ಈಗ ಅಂಗಡಿಗೆ ಬನ್ನಿ. ಯಾರಿಗೆ, ಎಷ್ಟು ಹಣ ಎಂಬ ವಿವರಕ್ಕೆ ಈ ಒಂದು ಪಾವತಿಗಷ್ಟೇ ಸೇರಿದ ಒಂದು ಗುರುತುಸಂಖ್ಯೆ ಸೇರಿ ಸಂದೇಶ ಸಿದ್ಧವಾಗುತ್ತದೆ. ಆ್ಯಪ್ ಅದನ್ನು ಸುರಕ್ಷಿತ ವಲಯಕ್ಕೆ ಕೊಟ್ಟು ಸಹಿ ಕೇಳುತ್ತದೆ. ಕೀ ಇದೆ, ಆದರೆ ಬೀಗದೊಳಗಿದೆ. ನೀವು ಬೆರಳಿಟ್ಟಾಗ ಸೆನ್ಸರಿನ ಚಿತ್ರ ಆ್ಯಪ್‌ನ ಕೈಗೆ ಸಿಗದೆ ನೇರವಾಗಿ ಆ ವಲಯಕ್ಕೆ ಹೋಗುತ್ತದೆ. ಅಲ್ಲಿಟ್ಟ ಮಾದರಿಯೊಂದಿಗೆ ತಾಳೆಯಾದರೆ ಕೀ ಒಂದೇ ಒಂದು ಸಹಿಗೆ ಬಿಡುಗಡೆಯಾಗಿ, ಮತ್ತೆ ಬೀಗ ಬೀಳುತ್ತದೆ. ಆ ಸಹಿ ಬ್ಯಾಂಕಿಗೆ ಹೋಗುತ್ತದೆ. ಅದು 450 ರೂಪಾಯಿಯ ಸಂದೇಶಕ್ಕೆ ಹಾಕಿದ ಸಹಿಯಾದ್ದರಿಂದ, ದಾರಿಯಲ್ಲಿ ಯಾರಾದರೂ ಮೊತ್ತವನ್ನು 4,500 ಎಂದು ತಿದ್ದಿದರೆ ಸಹಿ ಹೊಂದುವುದಿಲ್ಲ. ಹಳೆಯ ಸಹಿಯನ್ನೇ ಮತ್ತೊಮ್ಮೆ ಕಳಿಸಿದರೂ ಗುರುತುಸಂಖ್ಯೆ ಬಳಸಿ ಮುಗಿದದ್ದೆಂದು ಸಿಕ್ಕಿಬೀಳುತ್ತದೆ.

ಎಲ್ಲ ಆ್ಯಪ್‌ಗಳೂ ಇಷ್ಟು ಶ್ರಮ ತೆಗೆದುಕೊಳ್ಳುತ್ತವೆಂದು ಭಾವಿಸಬೇಡಿ. ಬೆರಳು ಹೊಂದಿತೇ ಎಂದು ಫೋನನ್ನು ಕೇಳಿ, ಹೌದೆಂಬ ಉತ್ತರ ಬಂದೊಡನೆ ಮುಂದುವರಿಯುವ ಆ್ಯಪ್‌ಗಳೂ ಇರುತ್ತವೆ. ಅಲ್ಲಿ ಕೀಯೂ ಇಲ್ಲ, ಸಹಿಯೂ ಇಲ್ಲ. ಫೋನಿನ ಸಾಫ್ಟ್‌ವೇರನ್ನು ಕೆಡಿಸಬಲ್ಲವನು ಆ ‘ಹೌದು’ ಎಂಬುದನ್ನು ತಾನೇ ಹೇಳಿಸಬಹುದು. ಹಣದ ವಿಷಯದಲ್ಲಿ ಅಷ್ಟು ಸಾಲದೆಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಾಹಕರಿಗೂ ಇದರ ಸುಳಿವು ಸಿಗುವ ಒಂದು ಜಾಗವಿದೆ. ಫೋನ್ ಕದ್ದವನಿಗೆ ಸ್ಕ್ರೀನ್ ಲಾಕಿನ ಪಿನ್ ಗೊತ್ತಿದೆ ಎಂದುಕೊಳ್ಳಿ. ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತು ನೋಡಿಕೊಂಡಿದ್ದಾನೆ. ಸೆಟ್ಟಿಂಗ್ಸ್‌ಗೆ ಹೋಗಿ ತನ್ನ ಬೆರಳನ್ನೂ ಸೇರಿಸಿಬಿಟ್ಟರೆ ಫೋನಿಗೆ ಅವನೂ ಮಾಲೀಕನೇ. ಇದಕ್ಕೆಂದೇ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಆ್ಯಪ್ ತಯಾರಿಸುವವರಿಗೆ ಒಂದು ಸೌಲಭ್ಯವಿದೆ: ಹೊಸ ಬೆರಳೋ ಮುಖವೋ ಸೇರಿದ ಗಳಿಗೆಯಲ್ಲೇ ಹಳೆಯ ಕೀ ಶಾಶ್ವತವಾಗಿ ನಿರುಪಯೋಗಿಯಾಗುವಂತೆ ಮಾಡಬಹುದು. ಆಗ ಆ್ಯಪ್ ಮತ್ತೆ ಮೊದಲಿನಿಂದ ಯುಪಿಐ ಪಿನ್ ಕೇಳುತ್ತದೆ, ಕಳ್ಳ ಅಲ್ಲಿ ನಿಲ್ಲಬೇಕಾಗುತ್ತದೆ. ಹೊಸ ಬೆರಳು ಸೇರಿಸಿದ ಮೇಲೆ ‘ಬಯೋಮೆಟ್ರಿಕ್ ಬದಲಾಗಿದೆ, ಮತ್ತೆ ನೋಂದಾಯಿಸಿ’ ಎಂಬರ್ಥದ ಸೂಚನೆ ಬಂದರೆ ಅದನ್ನು ತಾಂತ್ರಿಕ ದೋಷವೆಂದು ಬೈಯಬೇಕಿಲ್ಲ, ಕಾವಲು ಕೆಲಸ ಮಾಡುತ್ತಿದೆ ಎಂದರ್ಥ. ಏನೂ ಕೇಳದೆ ಹೊಸ ಬೆರಳಿಗೇ ಹಣ ಕಳಿಸಿಬಿಡುವ ಆ್ಯಪ್ ಆದರೆ, ಅದರಲ್ಲಿ ಬೆರಳಿನ ಪಾವತಿಯನ್ನು ಆಫ್ ಮಾಡಿ ಪಿನ್‌ಗೆ ಮರಳುವುದು ಕ್ಷೇಮ.

ಈ ಕಾವಲಿಗೂ ಕಾಣದ ಬೆರಳುಗಳಿವೆ. ಗಾಡಿ ಓಡಿಸುವಾಗ ಫೋನ್ ತೆಗೆಯಲು ಅನುಕೂಲವೆಂದು ಹೆಂಡತಿಯದು, ಆಟ ಆಡಲೆಂದು ಮಗನದು ಮೊದಲೇ ಸೇರಿಸಿಟ್ಟಿದ್ದರೆ ಅವೂ ಪಾವತಿಗೆ ನಡೆಯುತ್ತವೆ. ಫೋನಿಗೆ ಗೊತ್ತಿರುವುದು ‘ಸೇರಿಸಿದ ಬೆರಳುಗಳಲ್ಲಿ ಒಂದು’ ಎಂಬುದು ಮಾತ್ರ. ಬ್ಯಾಂಕಿಗೆ ಕಾಣುವ ಸಹಿ ಯಾರ ಬೆರಳಿಟ್ಟರೂ ಒಂದೇ. ಮಗ ಆಟದಲ್ಲಿ ಏನೋ ಕೊಂಡ ಎಂದು ಆಮೇಲೆ ದೂರು ಕೊಟ್ಟರೆ, ಬ್ಯಾಂಕಿನ ದಾಖಲೆಯಲ್ಲಿ ಅದು ಗ್ರಾಹಕರೇ ಒಪ್ಪಿದ ಪಾವತಿಯಾಗಿ ಇರುತ್ತದೆ. ಪಾವತಿಗೆ ಬೆರಳು ಆನ್ ಮಾಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಯಾರ್ಯಾರ ಬೆರಳಿದೆ ಎಂದು ಒಮ್ಮೆ ನೋಡಿ, ನಿಮ್ಮದಲ್ಲದ್ದನ್ನು ತೆಗೆದುಹಾಕಿ.

ಮುಖದ ವಿಷಯದಲ್ಲಿ ಬಹಳ ಜನರಿಗೆ ಒಂದು ಗೊಂದಲ. ಫೋನ್ ಮುಖ ನೋಡಿ ತೆರೆಯುತ್ತದೆ, ಬ್ಯಾಂಕ್ ಆ್ಯಪ್ ಮಾತ್ರ ಅದೇ ಮುಖವನ್ನು ಒಪ್ಪುವುದಿಲ್ಲ. ಐಫೋನಿನ ಫೇಸ್ ಐಡಿ ಮುಖದ ಮೇಲೆ ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ ಮುಖದ ಉಬ್ಬುತಗ್ಗು ಅಳೆಯುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕೆಲಸ ಮಾಡುವುದು ಸೆಲ್ಫಿ ಕ್ಯಾಮೆರಾ ಮಾತ್ರ, ಒಳ್ಳೆಯ ಫೋಟೊ ಹಿಡಿದು ಅಂಥದನ್ನು ಮೋಸಗೊಳಿಸುವ ಅಪಾಯವಿದೆ. ಹಾಗಾಗಿ ಗೂಗಲ್ ಬಯೋಮೆಟ್ರಿಕ್‌ಗಳನ್ನು ಮೂರು ದರ್ಜೆ ಮಾಡಿದೆ. ಕೀ ತೆರೆಯುವ ಅಧಿಕಾರ ಮೂರನೆಯ, ಅತಿ ಗಟ್ಟಿಯಾದ ದರ್ಜೆಗೆ ಮಾತ್ರ. ಅದಕ್ಕೆ ಸೇರಬೇಕಾದರೆ ಬೇರೆಯವರ ಗುರುತನ್ನು ತಪ್ಪಾಗಿ ಒಪ್ಪುವ ಸಾಧ್ಯತೆ 50,000ಕ್ಕೆ ಒಂದನ್ನು ಮೀರಬಾರದು.

ಬೆರಳಿಟ್ಟು ಹಣ ತೆಗೆಯುವುದು ಎಂದೊಡನೆ 2023ರಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ನೆನಪಾಗಿ ಅನೇಕರು ಹೆದರುತ್ತಾರೆ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಜನರ ಖಾತೆಯಿಂದ ಹಣ ತೆಗೆದಿದ್ದರು. ಅದು ಆಧಾರ್ ಆಧಾರಿತ ಪಾವತಿ, ದಾರಿಯೇ ಬೇರೆ. ಅಲ್ಲಿ ಬೆರಳಚ್ಚು ನಿಜಕ್ಕೂ ಹೊರಗೆ ಹೋಗಿ ಆಧಾರ್ ದಾಖಲೆಯೊಂದಿಗೆ ತಾಳೆಯಾಗುತ್ತದೆ. ಆದ್ದರಿಂದ ನಕಲು ಬೆರಳು, ಆಧಾರ್ ಸಂಖ್ಯೆ ಮತ್ತು ಬ್ಯಾಂಕಿನ ಹೆಸರು ಇದ್ದರೆ ಎಲ್ಲೋ ಕುಳಿತವನೂ ಪ್ರಯತ್ನಿಸಬಹುದಿತ್ತು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದರೆ ಮುಚ್ಚುವುದು ಆ ಬಾಗಿಲು. ಫೋನಿನ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ, ಇಲ್ಲಿ ನಕಲು ಬೆರಳಿನ ಜೊತೆ ನಿಮ್ಮ ಫೋನೇ ಕೈಯಲ್ಲಿರಬೇಕು.

ಗಾರೆ ಕೆಲಸದಲ್ಲಿ, ಹೊಲದಲ್ಲಿ, ಪಾತ್ರೆ ತಿಕ್ಕಿ ಬೆರಳಗೆರೆ ಸವೆದವರಿಗೆ ಸೆನ್ಸರ್ ಪದೇಪದೇ ತಿರಸ್ಕರಿಸುವುದುಂಟು. ಒದ್ದೆ ಬೆರಳಿಗೂ ಅದೇ ಗತಿ. ಕೆಲವು ಸಲ ತಪ್ಪಿದರೆ ಫೋನ್ ಬೆರಳನ್ನು ತಾತ್ಕಾಲಿಕವಾಗಿ ಕೇಳುವುದನ್ನೇ ನಿಲ್ಲಿಸುತ್ತದೆ. ಹಣ ಹೋಗಿರುವುದಿಲ್ಲ, ಏಕೆಂದರೆ ಸಹಿಯೇ ಆಗಿರುವುದಿಲ್ಲ. ಅಂಥ ಹೊತ್ತಿಗೆ ಯುಪಿಐ ಪಿನ್ ಒತ್ತಿ ಪಾವತಿ ಮಾಡುವ ದಾರಿ ಹಾಗೆಯೇ ಇದೆ. ಬೆರಳು ಐಚ್ಛಿಕ, ಬೇಡವೆನಿಸಿದಾಗ ಆ್ಯಪ್‌ನಲ್ಲಿ ಆಫ್ ಮಾಡಬಹುದು.