ಅಕ್ರಮ ಆದೇಶವನ್ನು ಕಸದ ಬುಟ್ಟಿಗೆ ಹಾಕಬಹುದಾ?

1967ರಲ್ಲಿ ಅಹಮದಾಬಾದಿನ ಪೊಲೀಸ್ ಕಮಿಷನರ್, ನವಾಬ್‌ಖಾನ್ ಅಬ್ಬಾಸ್‌ಖಾನ್ ಎಂಬುವವರನ್ನು ಗಡೀಪಾರು ಮಾಡಿದರು. ಆದೇಶ ಜಾರಿಯಲ್ಲಿದ್ದಾಗಲೇ ಅವರು ನಿಷೇಧಿತ ಪ್ರದೇಶಕ್ಕೆ ಕಾಲಿಟ್ಟರು, ಕ್ರಿಮಿನಲ್ ಕೇಸ್ ಬಿತ್ತು. ಕೇಸ್ ನಡೀತಿದ್ದಾಗ, ಅವರು ಹಾಕಿದ್ದ ರಿಟ್ ಅರ್ಜಿಯಲ್ಲಿ ಹೈಕೋರ್ಟ್ ಗಡೀಪಾರನ್ನೇ ರದ್ದು ಮಾಡಿತು. ಕಾರಣ, ಅವರ ವಾದ ಕೇಳೋಕೆ ಸರಿಯಾದ ಅವಕಾಶ ಕೊಟ್ಟಿರಲಿಲ್ಲ.

ಆದರೆ ಅವರು ಒಳಗೆ ಬಂದ ದಿನ ಆದೇಶ ಜೀವಂತವಾಗಿತ್ತಲ್ಲ? ಎರಡು ಬಗೆಯ ಅಕ್ರಮದ ವ್ಯತ್ಯಾಸ ಇರೋದು ಇಲ್ಲೇ. ಕೋರ್ಟ್ ರದ್ದು ಮಾಡುವವರೆಗೂ ಊರ್ಜಿತವಾಗಿರುವ ಆದೇಶ ‘ರದ್ದಾಗಬಲ್ಲದ್ದು’. ಹುಟ್ಟಿನಿಂದಲೇ ಬೆಲೆಯಿಲ್ಲದ್ದು ‘ಶೂನ್ಯ’. ಹೈಕೋರ್ಟ್ ಮೊದಲ ಲೆಕ್ಕ ಹಿಡಿದು ಶಿಕ್ಷೆ ಕೊಟ್ಟಿತು. 1974ರಲ್ಲಿ ನ್ಯಾ. ಕೃಷ್ಣ ಅಯ್ಯರ್ ಬರೆದ ತೀರ್ಪು ಎರಡನೆಯದನ್ನು ಹಿಡಿಯಿತು: ಮೂಲಭೂತ ಹಕ್ಕು ಕಸಿಯುವ ಆದೇಶ ಅಹವಾಲು ಕೇಳದೆ ಬಂದಿದ್ದರೆ ಅದು ಮೊದಲಿನಿಂದಲೂ ಶೂನ್ಯ, ಅದನ್ನು ಮುರಿದಿದ್ದು ಅಪರಾಧವಲ್ಲ.

ಹಾಗಂತ ನಾವೇ ‘ಶೂನ್ಯ’ ಅಂತ ತೀರ್ಮಾನಿಸಿ ಸುಮ್ಮನಿರೋ ಹಾಗಿಲ್ಲ. ನವಾಬ್‌ಖಾನ್ ಗೆದ್ದಿದ್ದು ಆದೇಶವನ್ನು ಕೋರ್ಟಿನಲ್ಲಿ ರದ್ದು ಮಾಡಿಸಿಕೊಂಡಿದ್ದರಿಂದ. ರಿಟ್ ಸೋತಿದ್ದರೆ ಶಿಕ್ಷೆ ಗ್ಯಾರಂಟಿ.

ಸುಮ್ಮನಿದ್ದವರ ಕಥೆ 1991ರ ಗುರುದೇವ್ ಸಿಂಗ್ ತೀರ್ಪಿನಲ್ಲಿದೆ. ಕೆಲಸದಿಂದ ತೆಗೆದ ಆದೇಶವೇ ಶೂನ್ಯ, ಹಾಗಾಗಿ ಯಾವಾಗ ಬೇಕಾದರೂ ದಾವೆ ಹಾಕಬಹುದು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದೇಶದ ಹಣೆ ಮೇಲೆ ‘ಅಸಿಂಧು’ ಅಂತ ಬರೆದಿರೋದಿಲ್ಲ, ಅದನ್ನು ಕೋರ್ಟೇ ಘೋಷಿಸಬೇಕು. ಆ ಘೋಷಣೆ ಕೇಳಿ ದಾವೆ ಹೂಡೋಕೆ ಇದ್ದದ್ದು ಮೂರೇ ವರ್ಷ. ಅದು ದಾಟಿತ್ತು.