ಷೇರುಪತ್ರ ಕಳೆದರೆ ಏನು ಮಾಡಬೇಕು?

ಷೇರುಪತ್ರ ಕಳೆದರೆ ಷೇರು ಕಳೆದಂತಲ್ಲ. ಯಾರ ಹೆಸರಿನಲ್ಲಿ ಎಷ್ಟು ಷೇರುಗಳಿವೆ ಎಂಬುದು ಕಂಪನಿಯ ಸದಸ್ಯರ ರಿಜಿಸ್ಟರಿನಲ್ಲಿ ದಾಖಲಾಗಿರುತ್ತದೆ. ಪತ್ರ ಅದಕ್ಕೊಂದು ಪುರಾವೆ, ಅಷ್ಟೆ. ಆದರೂ ಇನ್ನೊಂದು ಪತ್ರ ಕೊಡಿ ಎಂದು ಹೋದರೆ ಕಂಪನಿ ಅಫಿಡವಿಟ್, ಬಾಂಡ್, ಕೆಲವೊಮ್ಮೆ ಪೊಲೀಸ್ ದೂರಿನ ಪ್ರತಿಯನ್ನೂ ಕೇಳುತ್ತದೆ.

ಕೇಳುವುದಕ್ಕೆ ಕಾರಣವಿದೆ. ಕಳೆದಿದೆ ಎಂದುಕೊಂಡ ಪತ್ರ ಬೇರೆಯವರ ಕೈಯಲ್ಲಿರಬಹುದು. ಕಾಗದದ ಕಾಲದಲ್ಲಿ ಮಾಲೀಕರು ಸಹಿ ಹಾಕಿದ ವರ್ಗಾವಣೆ ಫಾರಂ ಜೊತೆ ಷೇರುಪತ್ರ ಕೊಟ್ಟು ಹಣ ಪಡೆಯುತ್ತಿದ್ದರು. ಕೊಂಡವರು ಅದನ್ನು ಕಂಪನಿಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ರಿಜಿಸ್ಟರಿನಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಆಗ ಹಳೆಯ ಮಾಲೀಕರಿಗೆ ಡೂಪ್ಲಿಕೇಟ್ ಕೊಟ್ಟರೆ ಒಂದೇ ಷೇರಿಗೆ ಇಬ್ಬರು ಹಕ್ಕುದಾರರಾಗುತ್ತಾರೆ. ಕಂಪನಿಯೇ ವಂಚನೆಯ ಉದ್ದೇಶದಿಂದ ಡೂಪ್ಲಿಕೇಟ್ ಕೊಟ್ಟರೆ, ಕಂಪನಿ ಕಾಯ್ದೆ 2013ರ 46ನೇ ಸೆಕ್ಷನ್ ಪ್ರಕಾರ ಆ ಷೇರುಗಳ ಮುಖಬೆಲೆಯ ಕನಿಷ್ಠ ಐದು ಪಟ್ಟು ದಂಡ ಬೀಳುತ್ತದೆ.

ಒಂದು ಉದಾಹರಣೆ ನೋಡೋಣ. ದಾವಣಗೆರೆಯ ಒಬ್ಬ ನಿವೃತ್ತ ಶಿಕ್ಷಕಿಯ ಹೆಸರಿನಲ್ಲಿ, ಷೇರುಪೇಟೆಯಲ್ಲಿ ಲಿಸ್ಟ್ ಆಗಿರುವ ಕಂಪನಿಯೊಂದರ 200 ಷೇರುಗಳಿವೆ ಎಂದುಕೊಳ್ಳಿ. ನೂರು ನೂರರ ಎರಡು ಪತ್ರ. ಒಂದಕ್ಕೆ ಗೆದ್ದಲು ಹಿಡಿದಿದೆ, ಇನ್ನೊಂದು ಮನೆ ಬದಲಿಸುವಾಗ ಕಾಣೆಯಾಗಿದೆ.

ಗೆದ್ದಲು ತಿಂದ ಪತ್ರದ ಕೆಲಸ ಸುಲಭ. ಉಳಿದ ಚೂರನ್ನೇ ಕಂಪನಿಗೆ ಒಪ್ಪಿಸಬೇಕು. ಮೂಲ ಪತ್ರ ಕಂಪನಿಯ ಕೈಗೆ ಬಂದು ರದ್ದಾಗುವುದರಿಂದ ಅದನ್ನು ಹಿಡಿದು ಮತ್ತೊಬ್ಬರು ಬರುವ ಭಯವಿಲ್ಲ. ಆದರೆ ಫೋಲಿಯೊ ಸಂಖ್ಯೆ, ಪತ್ರದ ಸಂಖ್ಯೆ, ಷೇರುಗಳ ಕ್ರಮಸಂಖ್ಯೆ ಓದುವಂತಿರಬೇಕು. ಹಾಗಾಗಿ ಹರಿದ ಪತ್ರವನ್ನು ಎಂದೂ ಎಸೆಯಬಾರದು. ಎಸೆದರೆ ಅದೂ ಕಳೆದ ಪತ್ರದ ಲೆಕ್ಕಕ್ಕೇ ಸೇರುತ್ತದೆ.

ಕಾಣೆಯಾದ ಪತ್ರದ ದಾರಿ ಉದ್ದ. ಶಿಕ್ಷಕಿ ಮೊದಲು ಕಂಪನಿಗೆ ಅಥವಾ ಅದರ ಪರವಾಗಿ ಷೇರು ದಾಖಲೆ ನೋಡಿಕೊಳ್ಳುವ ಆರ್‌ಟಿಎ ಸಂಸ್ಥೆಗೆ ಪತ್ರ ಬರೆದು ವಿಷಯ ತಿಳಿಸಬೇಕು, ವರ್ಗಾವಣೆ ತಡೆಯುವಂತೆ ಕೋರಬೇಕು. ಪತ್ರದ ಸಂಖ್ಯೆ ಗೊತ್ತಿಲ್ಲದಿದ್ದರೆ, ಸಹಿ ತಾಳೆ ನೋಡಿ ಅವರೇ ವಿವರ ಕೊಡುತ್ತಾರೆ. ಹೆಚ್ಚಿನವರ ಅರ್ಜಿ ನಿಲ್ಲುವುದೂ ಇಲ್ಲೇ. ಮೂವತ್ತು ವರ್ಷದ ಹಿಂದಿನ ಸಹಿಗೂ ಇಂದಿನ ಸಹಿಗೂ ಹೊಂದುವುದಿಲ್ಲ, ಹೆಸರಿನ ಇನಿಷಿಯಲ್ ಪ್ಯಾನ್ ಕಾರ್ಡಿನಲ್ಲಿ ಬೇರೆ ಇರುತ್ತದೆ. ಸಹಿ ಹೊಂದದಿದ್ದರೆ ಬ್ಯಾಂಕ್ ಮ್ಯಾನೇಜರರಿಂದ ದೃಢೀಕರಿಸಿದ ಐಎಸ್‌ಆರ್-2 ಫಾರಂ ಬೇಕಾಗುತ್ತದೆ. ಡೂಪ್ಲಿಕೇಟ್ ಕೋರುವ ಅರ್ಜಿಯೇ ಐಎಸ್‌ಆರ್-4.

ಜೊತೆಗೆ ಎರಡು ಮಾತು ಬರೆದುಕೊಡಬೇಕು. ಪತ್ರವನ್ನು ಮಾರಿಲ್ಲ, ಅಡವಿಟ್ಟಿಲ್ಲ, ಅದು ನಿಜಕ್ಕೂ ಕಳೆದಿದೆ ಎಂಬ ಪ್ರಮಾಣ ಅಫಿಡವಿಟ್‌ನಲ್ಲಿರುತ್ತದೆ. ಮುಂದೆ ನಿಜವಾದ ಹಕ್ಕುದಾರರು ಬಂದು ಕಂಪನಿಗೆ ನಷ್ಟವಾದರೆ ಅದನ್ನು ತಾನೇ ತುಂಬಿಕೊಡುವೆ ಎಂಬ ಹೊಣೆ ಇಂಡೆಮ್ನಿಟಿ ಬಾಂಡ್‌ನಲ್ಲಿರುತ್ತದೆ. ಸಹಿ ಹಾಕುವ ಮುನ್ನ ಇದರ ಭಾರ ತಿಳಿದಿರಲಿ: ಹೊಸ ಷೇರು ಕೈಗೆ ಬಂದ ಮೇಲೂ ಆ ಹೊಣೆ ಮುಗಿಯುವುದಿಲ್ಲ. ಹಿಂದೆ ಜಾಮೀನುದಾರರನ್ನೂ ಕರೆತರಬೇಕಿತ್ತು. 2022ರ ಮೇ ತಿಂಗಳಲ್ಲಿ ಸೆಬಿ ಅದನ್ನು ಕೈಬಿಟ್ಟಿತು.

ಪೊಲೀಸ್ ದೂರು ಮತ್ತು ಪತ್ರಿಕಾ ಜಾಹೀರಾತು ಬೇಕೇ ಎಂಬುದು ಷೇರಿನ ಬೆಲೆಯ ಮೇಲೆ ನಿಂತಿದೆ. 2022ರಲ್ಲಿ ಸೆಬಿ 5 ಲಕ್ಷ ರೂಪಾಯಿವರೆಗೆ ಎರಡಕ್ಕೂ ವಿನಾಯಿತಿ ಕೊಟ್ಟಿತು. 2025ರ ಕೊನೆಗೆ ಆ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು. ಇಲ್ಲಿ ಲೆಕ್ಕಕ್ಕೆ ಬರುವುದು ಮುಖಬೆಲೆಯಲ್ಲ, ಪೇಟೆಯ ಬೆಲೆ. ಶಿಕ್ಷಕಿಯ ಷೇರಿನ ಮುಖಬೆಲೆ 10 ರೂಪಾಯಿ, ಪೇಟೆಯ ಬೆಲೆ 900 ಎನ್ನಿ. ಕಳೆದ ನೂರು ಷೇರಿಗೆ 90 ಸಾವಿರವಾಯಿತು. ಅವರು ಠಾಣೆಗೆ ಹೋಗಬೇಕಿಲ್ಲ. ಕಳೆದದ್ದು 2,000 ಷೇರುಗಳಾಗಿದ್ದರೆ 18 ಲಕ್ಷವಾಗುತ್ತಿತ್ತು. ಆಗ ಪತ್ರದ ಸಂಖ್ಯೆಗಳೆಲ್ಲ ಇರುವ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಎರಡೂ ಬೇಕು. ಆ ಪತ್ರ ಯಾರ ಬಳಿಯಾದರೂ ಇದ್ದರೆ ಅವರಿಗೆ ಸುದ್ದಿ ಮುಟ್ಟಿ, ತಕರಾರು ಹೇಳಲು ಅವಕಾಶ ಸಿಗಲಿ ಎಂಬುದೇ ಪ್ರಕಟಣೆಯ ಉದ್ದೇಶ.

ಎಲ್ಲ ಸರಿಯಿದ್ದರೂ ಲಿಸ್ಟ್ ಆದ ಕಂಪನಿ ಈಗ ಹೊಸ ಕಾಗದ ಕೊಡುವುದಿಲ್ಲ. 2022ರ ಜನವರಿಯಿಂದ ಡೂಪ್ಲಿಕೇಟ್ ಷೇರುಗಳು ಡಿಮ್ಯಾಟ್ ರೂಪದಲ್ಲಷ್ಟೇ ಸಿಗುತ್ತವೆ. ಹಾಗಾಗಿ ರಿಜಿಸ್ಟರಿನಲ್ಲಿರುವ ಹೆಸರಿನಲ್ಲೇ ಡಿಮ್ಯಾಟ್ ಖಾತೆ ತೆರೆದಿಟ್ಟುಕೊಂಡು ಅರ್ಜಿ ಹಾಕುವುದು ಜಾಣತನ. ಲಿಸ್ಟ್ ಆಗದ ಕಂಪನಿ ಕಾಗದ ಕೊಟ್ಟರೆ ಅದರ ಮೇಲೆ ಡೂಪ್ಲಿಕೇಟ್ ಎಂಬ ಮುದ್ರೆ, ಯಾವ ಪತ್ರದ ಬದಲಿಗೆ ಎಂಬ ವಿವರ ಇರಲೇಬೇಕು. ಕಳೆದ ಪತ್ರದ ಬದಲಿಗೆ ಕೊಡಲು ನಿರ್ದೇಶಕ ಮಂಡಳಿಯ ಒಪ್ಪಿಗೆಯೂ ಬೇಕು. ಶುಲ್ಕ ಒಂದು ಪತ್ರಕ್ಕೆ 50 ರೂಪಾಯಿ ಮೀರುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಹಳೆಯ ಪತ್ರ ಬೀರುವಿನ ಮೂಲೆಯಲ್ಲಿ ಸಿಕ್ಕರೆ ಅದನ್ನು ಕಂಪನಿಗೇ ಕಳಿಸಬೇಕು. ಆ ಕಾಗದಕ್ಕೆ ಈಗ ಬೆಲೆಯಿಲ್ಲ, ಆದರೆ ಅದು ಬೇರೆಯವರ ಕೈ ಸೇರಿ ತಕರಾರಾದರೆ ಬಾಂಡ್‌ಗೆ ಸಹಿ ಹಾಕಿದವರೇ ಉತ್ತರ ಕೊಡಬೇಕಾಗುತ್ತದೆ.